160 ಹಾಕಿದ್ದು ನಾನೇ

"ಈ ಸಲ ಎಲ್ಲೂ ತಡ ಆಗೋದಿಲ್ಲ ಸರ್" ಅಂತ ಹೇಳುವಾಗಲೇ ವೀಡಿಯೊ ಕಾಲ್‌ನಲ್ಲಿ ನನ್ನ ಚಿತ್ರ ನಿಂತುಹೋಗಬೇಕಾ? ಅದೂ "ತಡ" ಅನ್ನುವ ಪದದ ಮೇಲೆ!

ಬಾಯಿ ಅರ್ಧ ತೆರೆದಿತ್ತಂತೆ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದಿತ್ತಂತೆ. ನನಗೇನು ಗೊತ್ತು, ನಾನು ಪಾಪ ಕೈ ಆಡಿಸುತ್ತಾ ಮುಂದಿನ ಎರಡು ಸ್ಲೈಡ್ ಪೂರ್ತಿ ವಿವರಿಸಿಬಿಟ್ಟೆ. ಯಾರೂ ಮಾತಾಡುತ್ತಿಲ್ಲವಲ್ಲ, ಎಲ್ಲರೂ ಗಮನ ಕೊಟ್ಟು ಕೇಳುತ್ತಿದ್ದಾರೆ ಅಂತ ಖುಷಿ ಬೇರೆ. ಆಮೇಲೆ ಒಮ್ಮೆಲೇ ಎಲ್ಲರ ಧ್ವನಿಯೂ ಸೇರಿಕೊಂಡು ಬಂತು. "ಕೇಳಿಸ್ತಿದೆಯಾ?" "ಅವರು ಹೋದ್ರು ಅನ್ಸುತ್ತೆ." "ಇಲ್ಲ ಸರ್, ಮುಖ ಇದೆ." ಮುಖ ಇದೆ! ಕೊನೆಗೆ ಮ್ಯಾನೇಜರ್ ತಣ್ಣಗೆ, "ನಿಮ್ಮ ಮನೆ ವೈಫೈ ಎರಡು ಸಾವಿರದ ನಾನೂರು ಅಂದ್ರಲ್ವಾ?"

ಹೌದು, ಅಂದಿದ್ದೆ. ಮೀಟಿಂಗ್ ಶುರುವಾಗುವ ಎರಡು ನಿಮಿಷ ಮುಂಚೆ, ಯಾರೂ ಕೇಳದೇನೇ ಅಂದಿದ್ದೆ.

ಆ ಮುಖದ ಸ್ಕ್ರೀನ್‌ಶಾಟ್ ಈಗ ಟೀಮ್ ಗ್ರೂಪಿನಲ್ಲಿ ಸ್ಟಿಕರ್ ಆಗಿದೆ. ಇರಲಿ ಬಿಡಿ. ಇರಲಿ ಅಂತ ಬಿಡೋಕೂ ಆಗ್ತಿಲ್ಲ.

ನಡೆದಿದ್ದು ಇಷ್ಟೇ. ಹಿಂದಿನ ರಾತ್ರಿ ರೂಟರ್ ಸೆಟ್ಟಿಂಗಿನಲ್ಲಿ ಚಾನೆಲ್ ಅಗಲ 80 ಇದ್ದಿದ್ದನ್ನು 160 ಮೆಗಾಹರ್ಟ್ಸ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ 1201 ಎಂಬಿಪಿಎಸ್ ಅಂತಿದ್ದ ಲಿಂಕ್ ಸ್ಪೀಡ್ 2402 ಆಯ್ತು. ರಾತ್ರಿ ಎರಡು ಗಂಟೆಗೆ ಸ್ಪೀಡ್ ಟೆಸ್ಟ್ ಮಾಡಿದೆ, ಹಾರಿಹೋಯ್ತು. ಹಾರದೇ ಏನು? ಆ ಹೊತ್ತಿಗೆ ಇಡೀ ಕಟ್ಟಡ ಮಲಗಿತ್ತು. ಖಾಲಿ ರಸ್ತೆಯಲ್ಲಿ ಓಡಿಸಿ ನನ್ನ ಗಾಡಿ ಎಷ್ಟು ಚೆನ್ನಾಗಿದೆ ಅಂದುಕೊಂಡು ಮಲಗಿದವನು ನಾನು.

ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್. ವೀಡಿಯೊ ಕಾಲ್‌ಗೆ ಬೇಕಿದ್ದದ್ದು ಮೂರೋ ನಾಲ್ಕೋ ಎಂಬಿಪಿಎಸ್ ಅಷ್ಟೇ. 2402ರಲ್ಲಿ ನಾಲ್ಕು! ಅದೂ ಹೋಗಲಿಲ್ಲ. ಇಂಟರ್‌ನೆಟ್ ಕಂಪನಿಯನ್ನು ಬೈಯೋಣ ಅಂತ ಫೋನ್ ಎತ್ತಿದ್ದೆ, ಅದಕ್ಕೂ ಮುಂಚೆ ಪಕ್ಕದ ಕೋಣೆಯಲ್ಲೇ ಕೂತಿರುವ ರೂಟರಿಂದ ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಪಿಂಗ್ ಮಾಡಿ ನೋಡಿದೆ:

```
time=2.4 ms
time=3.1 ms
time=388 ms
time=212 ms
Request timeout
```

ಇಂಟರ್‌ನೆಟ್ ಆಮೇಲಿನ ಮಾತು, ಸ್ವಾಮಿ. ನನ್ನ ಲ್ಯಾಪ್‌ಟಾಪಿನಿಂದ ಪಕ್ಕದ ಕೋಣೆಗೇ ಮಾತು ತಲುಪುತ್ತಿಲ್ಲ. ಫೋನ್ ಕೆಳಗಿಟ್ಟೆ.

ಆಮೇಲೆ ಸುತ್ತಲಿನ ನೆಟ್‌ವರ್ಕ್ ತೋರಿಸುವ ಆ್ಯಪ್ ತೆಗೆದೆ. 5 ಗಿಗಾಹರ್ಟ್ಸ್‌ನಲ್ಲೇ ಇಪ್ಪತ್ಮೂರು ನೆಟ್‌ವರ್ಕ್. ಅರ್ಧಕ್ಕಿಂತ ಜಾಸ್ತಿ 36ರಿಂದ 48ನೇ ಚಾನೆಲ್ ಒಳಗೆ ಒಂದರ ಮೇಲೊಂದು ಬಿದ್ದಿವೆ. ಇಲ್ಲಿದೆ ವಿಷಯ. ಚಾನೆಲ್ ಅಂದರೆ 20 ಮೆಗಾಹರ್ಟ್ಸಿನ ತುಂಡು. 160 ಬೇಕಂದರೆ ಪಕ್ಕಪಕ್ಕದ ಎಂಟು ತುಂಡು ಒಟ್ಟಿಗೆ ಬೇಕು. ಅಷ್ಟು ಜಾಗ ಸಾಮಾನ್ಯವಾಗಿ ಸಿಗುವುದೇ ಎರಡು ಕಡೆ: 36ರಿಂದ 64, ಇಲ್ಲವೇ 100ರಿಂದ 128. ಅದರಲ್ಲೂ 52ರಿಂದ ಮೇಲಿನದ್ದು ರೇಡಾರ್ ಜೊತೆ ಹಂಚಿಕೊಂಡಿರುವ ಜಾಗ. ರೇಡಾರ್ ಸದ್ದು ಕೇಳಿದರೆ ರೂಟರ್ ಬಿಟ್ಟು ಏಳಬೇಕು, ಅರ್ಧ ಗಂಟೆ ಆ ಕಡೆ ಬರುವ ಹಾಗಿಲ್ಲ. ನನಗೆ ಆದದ್ದು ಅದಲ್ಲ. ನನ್ನದು ಬರೀ ಜನಜಂಗುಳಿ.

ವೈಫೈ ಬಲು ಮರ್ಯಾದಸ್ಥ. ಮಾತಾಡುವ ಮುಂಚೆ ಕಿವಿಗೊಟ್ಟು ಕೇಳುತ್ತೆ, ಯಾರಾದರೂ ಮಾತಾಡುತ್ತಿದ್ದರೆ ಕಾಯುತ್ತೆ. ಒಂದು ತುಂಡು ಖಾಲಿಯಾಗಲಿ ಅಂತ ಕಾಯುವುದು ಬೇರೆ, ಎಂಟೂ ಒಂದೇ ಕ್ಷಣಕ್ಕೆ ಖಾಲಿಯಾಗಲಿ ಅಂತ ಕಾಯುವುದು ಬೇರೆ. ಸಿಟ್ಟಿನಲ್ಲೇ ಹಾಳೆ ಮೇಲೆ ಲೆಕ್ಕ ಹಾಕಿದೆ. ಪ್ರತಿ ತುಂಡೂ ನೂರರಲ್ಲಿ ಮೂವತ್ತು ಹೊತ್ತು ಬಿಜಿ ಅಂದುಕೊಳ್ಳಿ. ಎಂಟೂ ಒಟ್ಟಿಗೆ ಖಾಲಿ ಸಿಗುವುದು ನೂರರಲ್ಲಿ ಆರು ಸಲವೂ ಇಲ್ಲ. 2402ರಲ್ಲಿ ಅಷ್ಟು ಅಂದರೆ ಸುಮಾರು 138. ಅದೇ 40 ಮೆಗಾಹರ್ಟ್ಸ್ ಆದರೆ ಎರಡೇ ತುಂಡು, ನೂರರಲ್ಲಿ 49 ಸಲ ಖಾಲಿ. ಲಿಂಕ್ ಸ್ಪೀಡ್ 574 ಇದ್ದರೂ ಕೈಗೆ ಬರುವುದು 281. ಕಡಿಮೆ ಕೇಳಿದವನಿಗೆ ಎರಡು ಪಟ್ಟು!

ಗೊತ್ತು, ಗೊತ್ತು, ನಿಜವಾದ ಗಾಳಿ ಇಷ್ಟು ಸರಳ ಅಲ್ಲ. ಅಕ್ಕಪಕ್ಕದವರೂ ಅಗಲ ಚಾನೆಲ್ ಹಾಕಿರುತ್ತಾರೆ, ಹಾಗಾಗಿ ತುಂಡುಗಳು ಗುಂಪುಗುಂಪಾಗಿ ಬಿಜಿಯಾಗುತ್ತವೆ. ಎಂಟೂ ಸಿಗದಿದ್ದರೆ ಸಿಕ್ಕಷ್ಟರಲ್ಲೇ ಕಳಿಸುವ ಬುದ್ಧಿ ಎಷ್ಟೋ ರೂಟರುಗಳಿಗಿದೆ. ಆದರೆ ಆಗ ನಾನು 160 ಹಾಕಿ ಗಿಟ್ಟಿಸಿದ್ದೇನು? ಯಾರಾದರೂ ಹೇಳಿ.

ನನ್ನನ್ನು ನಿಜಕ್ಕೂ ಉರಿಸಿದ್ದು ಮುಂದಿನದು. ಆ ಎಂಟು ತುಂಡುಗಳಲ್ಲಿ ಒಂದೇ ಮುಖ್ಯ. ಅದರ ಮೇಲೆ -82 ಡಿಬಿಎಂನಷ್ಟು ಸಣ್ಣ ಸದ್ದು ಬಂದರೂ ರೂಟರ್ ಸುಮ್ಮನಾಗಬೇಕು. ಉಳಿದವುಗಳ ಮೇಲೆ ಕಿವಿ ಮಂದ, -72ರ ಆಸುಪಾಸು ಬಂದರೆ ಮಾತ್ರ ಕೇಳಿಸಿತು ಅನ್ನುತ್ತೆ. ಅಂದರೆ ಹತ್ತು ಪಟ್ಟು ಕಿವುಡು. ಮೇಲಿನ ಮನೆಯವರ ರೂಟರ್ 52ರಲ್ಲಿದೆ, ನನ್ನ ಕೋಣೆಗೆ -76ರಲ್ಲಿ ಬರುತ್ತೆ. ನನ್ನದು 36ನ್ನು ಮುಖ್ಯ ಮಾಡಿಕೊಂಡು ಕೂತಿದೆ. ಅವರು ಮಾತಾಡುತ್ತಿರುವಾಗಲೇ ಇದು "ಯಾರೂ ಇಲ್ಲ" ಅಂತ ಅವರ ಮೇಲೇ ಮಾತಾಡುತ್ತೆ. ಕಳಿಸುವ ಒಂದೊಂದು ಸಂದೇಶದ ಚೂರುಗಳೂ ಇಡೀ ಅಗಲಕ್ಕೆ ಹರಡಿರುತ್ತವೆ, ಹಾಗಾಗಿ ಕೆಲವು ತುಂಡು ಕೆಟ್ಟರೂ ಮತ್ತೆ ಕಳಿಸಬೇಕಾಗಿ ಬರುತ್ತೆ. ಸಾಲದ್ದಕ್ಕೆ ರೂಟರಿನ ಶಕ್ತಿ ಮಾತ್ರ ಅಷ್ಟೇ. ಅದೇ ಒಂದು ಬಕೆಟ್ ನೀರನ್ನು ಎಂಟು ಪಟ್ಟು ಅಗಲದ ನೆಲಕ್ಕೆ ಚೆಲ್ಲಿದ ಹಾಗೆ. 20ಕ್ಕೆ ಹೋಲಿಸಿದರೆ ಪ್ರತಿ ತುಂಡಿಗೂ 9 ಡಿಬಿ ಕಮ್ಮಿ. ಎರಡು ಗೋಡೆ ದಾಟಿ ಬರುವಷ್ಟರಲ್ಲಿ ಅದರಲ್ಲಿ ಏನು ಉಳಿದಿರುತ್ತೆ?

ನಂಬಿಕೆ ಇಲ್ಲದಿದ್ದರೆ ಲಿನಕ್ಸ್ ಇರುವವರು ಇದನ್ನು ಹಾಕಿ ನೋಡಿ:

```
iw dev wlan0 station dump | grep -E "tx (packets|retries|failed)"
```

ಹೆಸರು wlan0 ಅಲ್ಲದಿದ್ದರೆ ನಿಮ್ಮದನ್ನು ಹಾಕಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ನನ್ನದರಲ್ಲಿ ಕಳಿಸಿದ ಪ್ಯಾಕೆಟ್‌ಗಿಂತ ಮತ್ತೆ ಕಳಿಸಿದ ಲೆಕ್ಕವೇ ಬೇಗ ಬೇಗ ಏರುತ್ತಿತ್ತು. ಮೇಲೆ ಮಾತ್ರ 2402 ಅಂತ ಹಲ್ಲು ಕಿಸಿದುಕೊಂಡೇ ಇತ್ತು.

ಹಾಗಾದರೆ ಪೆಟ್ಟಿಗೆ ಮೇಲೆ ಅಷ್ಟು ದಪ್ಪಕ್ಕೆ ಆ ಸಂಖ್ಯೆ ಯಾಕೆ ಹಾಕ್ತೀರಿ? ಸೆಟ್ಟಿಂಗಿನಲ್ಲಿ 160ರ ಪಕ್ಕ "ಅತಿ ವೇಗ" ಅಂತ ಬರೆದವರು ಯಾರು? ಸುತ್ತ ಇಪ್ಪತ್ಮೂರು ನೆಟ್‌ವರ್ಕ್ ಇರುವುದು ಆ ರೂಟರಿಗೇ ಕಾಣುತ್ತೆ ಅಲ್ವಾ? "ಬೇಡ ಮಾರಾಯ" ಅಂತ ಒಂದು ಸಾಲು ತೋರಿಸಿದರೆ ಗಂಟು ಹೋಗುತ್ತಾ? ಉತ್ತರ ಕೊಡಿ. ಯಾರಾದರೂ ಸರಿ.

ಉತ್ತರ ಬಂದರೂ ಏನು ಮಾಡ್ಲಿ? "ಅಗಲ ಕಮ್ಮಿ ಮಾಡಿ" ಅಂತ ಇಪ್ಪತ್ಮೂರು ಬಾಗಿಲು ತಟ್ಟಲಾ? ಅವರಿಗೆಲ್ಲ ನಾನೇ ಕಾಟ ಆಗಿದ್ದೆನೋ ಏನೋ. ಎಂಟು ತುಂಡು ಆಕ್ರಮಿಸಿ ಕೂತವನು ನಾನೇ ತಾನೇ. ಮೇಲಿನ ಮನೆಯವರೂ ಬೆಳಿಗ್ಗೆ ಹತ್ತಕ್ಕೆ ಬಾಯಿ ಅರ್ಧ ತೆರೆದು ನಿಂತಿದ್ದರೋ ಏನೋ.

ಈಗ 149ನೇ ಚಾನೆಲ್, 40 ಮೆಗಾಹರ್ಟ್ಸ್. ಆ ಕಡೆ ಮೂರೇ ನೆಟ್‌ವರ್ಕ್ ಇದ್ದವು. ಲಿಂಕ್ ಸ್ಪೀಡ್ 574 ಅಂತ ತೋರಿಸುತ್ತೆ, ನೋಡೋಕೆ ಬಡಕಲು. ಪಿಂಗ್ 3, 4, 3, ಒಮ್ಮೆ 11. ಇವತ್ತಿನ ಕಾಲ್ ಒಂದು ಗಂಟೆ ನಡೆಯಿತು, ಒಮ್ಮೆಯೂ ನಿಲ್ಲಲಿಲ್ಲ. ನಾನೇ ಕಾಯುತ್ತಿದ್ದೆ, ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ. ಯಾರೂ ಗಮನಿಸಲಿಲ್ಲ. ವೈಫೈ ಚೆನ್ನಾಗಿದೆ ಅಂತ ಒಬ್ಬರಾದರೂ ಹೇಳಬೇಡವಾ?

ಮುಗಿದ ಮೇಲೆ ಗ್ರೂಪಿನಲ್ಲಿ "ಥ್ಯಾಂಕ್ಸ್" ಅಂತ ಹಾಕಿದೆ. ಮ್ಯಾನೇಜರ್ ಸ್ಟಿಕರ್ ಕಳಿಸಿದರು. ಅದೇ ಸ್ಟಿಕರ್.