ಟೋಕನ್ ಸಿಗುತ್ತಿಲ್ಲ ಎಂದು ಬ್ರೌಸರ್ ಹೇಳಿದರೆ ಬ್ರೌಸರನ್ನೂ ಅನುಮಾನಿಸಿ

ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖು ಹತ್ತಿರವಾದಂತೆ ಲೆಕ್ಕಪತ್ರ ನೋಡುವವರ ಗುಂಪುಗಳಲ್ಲಿ ಅದೇ ಗೋಳು ಶುರುವಾಗುತ್ತದೆ: ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಸಿಗುತ್ತಿಲ್ಲ. ಅದಕ್ಕೆ ಬರುವ ಉತ್ತರಗಳೂ ಅವೇ. ಜಾವಾ ತೆಗೆದು ಹಳೆಯದನ್ನು ಹಾಕಿ, ಜಾವಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪೋರ್ಟಲ್ ವಿಳಾಸ ಸೇರಿಸಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸಿ. ಇವುಗಳಲ್ಲಿ ಹೆಚ್ಚಿನವು ಕಾಲ ಮುಗಿದ ಸಲಹೆಗಳು, ಸಮಯ ಹಾಳು ಮಾಡುತ್ತವೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಒಂದು ಕಾಲದಲ್ಲಿ ಜಾವಾ ಆಪ್ಲೆಟ್ ಬ್ರೌಸರ್ ಒಳಗೇ ಓಡುತ್ತಿತ್ತು. ಆಗ ಆ ಸಲಹೆಗಳಿಗೆ ಅರ್ಥವಿತ್ತು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಆ ಬಗೆಯ ಪ್ಲಗಿನ್‌ಗಳಿಗೆ ಬಾಗಿಲು ಮುಚ್ಚಿದವು. ಜಾವಾ ಕೂಡ 11ನೇ ಆವೃತ್ತಿಯಿಂದ ಬ್ರೌಸರ್ ಪ್ಲಗಿನ್ನನ್ನು ಕೈಬಿಟ್ಟಿತು. ಆದ್ದರಿಂದ ಜಾವಾ ಕಂಟ್ರೋಲ್ ಪ್ಯಾನೆಲ್‌ನ ವಿನಾಯಿತಿ ಪಟ್ಟಿಗೆ ಪೋರ್ಟಲ್ ವಿಳಾಸವನ್ನು ಎಷ್ಟು ಸಲ ಸೇರಿಸಿದರೂ ಇಂದಿನ ಕ್ರೋಮ್‌ಗೆ ಅದು ಗೊತ್ತೇ ಆಗುವುದಿಲ್ಲ.

ಈಗ ಕೆಲಸ ನಡೆಯುವ ರೀತಿ ಬೇರೆ. ಪೋರ್ಟಲ್‌ನ ಪುಟ ಟೋಕನ್ನನ್ನು ನೇರವಾಗಿ ಮುಟ್ಟುವುದೇ ಇಲ್ಲ. ನಿಮ್ಮದೇ ಕಂಪ್ಯೂಟರಿನಲ್ಲಿ ಸಹಿ ಮಾಡಿಸುವ ಒಂದು ಪುಟ್ಟ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಜಿಎಸ್‌ಟಿಯಲ್ಲಿ ಅದು emSigner. ಪುಟ ಅದಕ್ಕೆ 127.0.0.1 ಎಂಬ ಒಳವಿಳಾಸದಲ್ಲಿ, 1585ನೇ ಪೋರ್ಟಿನಲ್ಲಿ ಸಂದೇಶ ಕಳಿಸುತ್ತದೆ. ಆ ತಂತ್ರಾಂಶ ವಿಂಡೋಸ್ ಮತ್ತು ಟೋಕನ್ ಜೊತೆ ಬರುವ ಮಿಡಲ್‌ವೇರ್ ತಂತ್ರಾಂಶದ ಮೂಲಕ ಟೋಕನ್ನನ್ನು ತಲುಪಿ, ಪಿನ್ ಕೇಳಿ, ಸಹಿ ಮಾಡಿಸಿಕೊಂಡು ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಪರದೆಯ ಮುಂದೆ ಕುಳಿತವರ ಬಾಯಲ್ಲಿ ಅದು ‘ಟೋಕನ್ ಸಿಗುತ್ತಿಲ್ಲ’ ಎಂದೇ ಆಗುತ್ತದೆ. ಹಾಗಾಗಿ ತನಿಖೆಯನ್ನು ಟೋಕನ್ ಕಡೆಯಿಂದ ಆರಂಭಿಸಿ ಬ್ರೌಸರ್ ಕಡೆಗೆ ಬರಬೇಕು. ನಮ್ಮವರು ಮಾಡುವುದು ತಿರುಗುಮುರುಗು.

ಕಳೆದ ಬಾರಿ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ನೋಡುವವರು ಕರೆ ಮಾಡಿದಾಗ ಇದೇ ಕ್ರಮದಲ್ಲಿ ಹೋದೆವು. ಆ ಕಂಪನಿ ರಿಟರ್ನ್‌ಗೆ ಟೋಕನ್ ಸಹಿಯನ್ನೇ ಬಳಸುತ್ತಿತ್ತು. “ಸರ್, ಟೋಕನ್ನೇ ಕೆಟ್ಟಿರಬೇಕು. ಮಾರಿದವರು ಇನಿಶಿಯಲೈಸ್ ಒತ್ತಿ ನೋಡಿ ಎನ್ನುತ್ತಿದ್ದಾರೆ” ಎಂದರು. “ದಯವಿಟ್ಟು ಅದನ್ನು ಮಾತ್ರ ಒತ್ತಬೇಡಿ” ಎಂದೆ. ಆ ಗುಂಡಿ ಟೋಕನ್ನನ್ನು ಖಾಲಿ ಮಾಡುತ್ತದೆ. ಖಾಸಗಿ ಕೀಲಿಯ ನಕಲು ಬೇರೆಲ್ಲೂ ಇರುವುದಿಲ್ಲ, ಇರಬಾರದೆಂದೇ ಅದನ್ನು ಟೋಕನ್ ಒಳಗೆ ಹುಟ್ಟಿಸಿರುತ್ತಾರೆ. ಒಮ್ಮೆ ಅಳಿದರೆ ಹೊಸ ಪ್ರಮಾಣಪತ್ರಕ್ಕೆ ಮತ್ತೆ ಅರ್ಜಿ ಹಾಕಬೇಕು. ಸಲಹೆ ಕೊಟ್ಟವರಿಗೆ ಇನ್ನೊಂದು ಮಾರಾಟ. ಕಷ್ಟ ಮಾತ್ರ ನಮ್ಮದು.

ಮೊದಲು ಟೋಕನ್ ಜೊತೆಗೆ ಬಂದ ಮಿಡಲ್‌ವೇರ್ ತಂತ್ರಾಂಶವನ್ನು ತೆರೆಸಿದೆ. ಅದರಲ್ಲಿ ಟೋಕನ್ ಹೆಸರು, ಒಳಗಿನ ಪ್ರಮಾಣಪತ್ರ, ಅದರ ಅವಧಿ ಎಲ್ಲವೂ ಕಂಡವು. ಅಂದರೆ ಯುಎಸ್‌ಬಿ, ಡ್ರೈವರ್ ಎರಡೂ ಸರಿ. ಇಲ್ಲಿ ಏನೂ ಕಾಣದಿದ್ದರೆ ಬೇರೆ ಯುಎಸ್‌ಬಿ ಕಿಂಡಿ ನೋಡಬೇಕು, services.msc ಪಟ್ಟಿಯಲ್ಲಿ Smart Card ಸೇವೆ ಓಡುತ್ತಿದೆಯೇ ಎಂದು ನೋಡಬೇಕು, ಆಮೇಲೆ ಡ್ರೈವರನ್ನು ಹೊಸದಾಗಿ ಹಾಕಬೇಕು. ಇಲ್ಲಿ ಎಲ್ಲವೂ ಕಂಡರೆ ಡ್ರೈವರ್ ತಂಟೆಗೆ ಹೋಗಬಾರದು.

ನಂತರ ವಿಂಡೋಸ್‌ನ ಪ್ರಮಾಣಪತ್ರಗಳ ಪಟ್ಟಿ ತೋರಿಸುವ certmgr.msc. Personal ಕೆಳಗಿನ Certificates ಫೋಲ್ಡರಿನಲ್ಲಿ ಸಹಿ ಮಾಡುವ ನಿರ್ದೇಶಕರ ಹೆಸರು ಇತ್ತು. ಅದಷ್ಟನ್ನೇ ನಂಬುವಂತಿಲ್ಲ. ವಿಂಡೋಸ್ ಕೆಲವೊಮ್ಮೆ ಪ್ರಮಾಣಪತ್ರದ ಪ್ರತಿಯನ್ನು ಉಳಿಸಿಕೊಂಡಿರುತ್ತದೆ; ನವೀಕರಣಕ್ಕೆ ಮುಂಚಿನ, ಅವಧಿ ಮುಗಿದ ಪ್ರತಿಯೂ ಅದೇ ಹೆಸರಿನಲ್ಲಿ ಕುಳಿತಿರಬಹುದು. ಆದ್ದರಿಂದ ಅದರ ಮೇಲೆ ಎರಡು ಸಲ ಒತ್ತಿ ಅವಧಿಯನ್ನು ನೋಡಿಸಿದೆ. ಟೋಕನ್ ಎಳೆದಾಗ ಸಾಲು ಮಾಯವಾಗಿ, ಮತ್ತೆ ಚುಚ್ಚಿದಾಗ ಮರಳಿ ಬಂದಿತು. ಮಿಡಲ್‌ವೇರ್ ವಿಂಡೋಸ್ ಜೊತೆ ಮಾತನಾಡುತ್ತಿದೆ ಎನ್ನಲು ಇಷ್ಟು ಸಾಕು. ಮಿಡಲ್‌ವೇರ್‌ನಲ್ಲಿ ಕಂಡು certmgr ಒಳಗೆ ಕಾಣದಿದ್ದರೆ ಮಾತ್ರ ಮಿಡಲ್‌ವೇರನ್ನು ನಿರ್ವಾಹಕ ಅಧಿಕಾರದಲ್ಲಿ ಮತ್ತೆ ಹಾಕಬೇಕು.

ಉಳಿದದ್ದು emSigner. ಗಡಿಯಾರದ ಪಕ್ಕದಲ್ಲಿ ಅದರ ಚಿಹ್ನೆ ಇದೆ ಎಂದರು. ಚಿಹ್ನೆ ಇದ್ದ ಮಾತ್ರಕ್ಕೆ ಅದು ಕಿವಿಗೊಟ್ಟು ಕುಳಿತಿದೆ ಎಂದಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹಾಕಿಸಿದೆ:

```
netstat -ano | findstr :1585
```

LISTENING ಎಂಬ ಸಾಲು ಬಂದಿತು. ಏನೂ ಬರದಿದ್ದರೆ emSigner ಅನ್ನು ಪೂರ್ತಿ ಮುಚ್ಚಿ, ಬಲಗುಂಡಿ ಒತ್ತಿ Run as administrator ಮೂಲಕ ತೆರೆಯಬೇಕಿತ್ತು. ಇಲ್ಲಿ ಅದೂ ಸರಿಯಿತ್ತು. ಹಾಗಾದರೆ ತಪ್ಪು ಬ್ರೌಸರಿಗೂ ಈ ಪೋರ್ಟಿಗೂ ನಡುವೆ ಇರಲೇಬೇಕು. ಅದೇ ಬ್ರೌಸರಿನಲ್ಲಿ https://127.0.0.1:1585 ತೆರೆಯಿರಿ ಎಂದೆ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆಯ ಪುಟ ಬಂದಿತು. Advanced ಒತ್ತಿ ಮುಂದುವರಿಯಲು ಒಪ್ಪಿದ ಮೇಲೆ ಪೋರ್ಟಲ್ ಪುಟವನ್ನು ಮತ್ತೆ ತೆರೆದರು. ಪಿನ್ ಕೇಳುವ ಕಿಟಕಿ ಬಂದಿತು.

ಇದರ ಕಾರಣ ತಿಳಿದಿದ್ದರೆ ಒಳ್ಳೆಯದು. ಪೋರ್ಟಲ್ ಪುಟ ಸುರಕ್ಷಿತ ಸಂಪರ್ಕದಲ್ಲಿರುವುದರಿಂದ emSigner ಕೂಡ ಒಂದು ಭದ್ರತಾ ಪ್ರಮಾಣಪತ್ರ ತೋರಿಸುತ್ತದೆ. ಬ್ರೌಸರಿಗೆ ಅದರ ಗುರುತಿಲ್ಲ. ನೀವಾಗಿ ಆ ವಿಳಾಸ ತೆರೆದರೆ ಬ್ರೌಸರ್ ಎಚ್ಚರಿಸಿ ಒಪ್ಪಿಗೆ ಕೇಳುತ್ತದೆ; ಪುಟವೊಂದು ಹಿನ್ನೆಲೆಯಲ್ಲಿ ಕರೆದರೆ ಎಚ್ಚರಿಕೆಯನ್ನೂ ತೋರಿಸದೆ ಸಂಪರ್ಕವನ್ನು ಕಡಿದುಬಿಡುತ್ತದೆ. ಫೈರ್‌ಫಾಕ್ಸ್ ತನ್ನದೇ ವಿಶ್ವಾಸದ ಪಟ್ಟಿ ಇಟ್ಟುಕೊಳ್ಳುವುದರಿಂದ ಕ್ರೋಮ್‌ನಲ್ಲಿ ಕೊಟ್ಟ ಒಪ್ಪಿಗೆ ಅಲ್ಲಿಗೆ ಸಲ್ಲುವುದಿಲ್ಲ. ಹೊಸ ಕ್ರೋಮ್ ಆವೃತ್ತಿಗಳು ಸ್ಥಳೀಯ ಸಂಪರ್ಕಕ್ಕೆ ಬೇರೆ ಅನುಮತಿಯನ್ನೂ ಕೇಳುತ್ತವೆ. ಅವಸರದಲ್ಲಿ ಅದಕ್ಕೆ ಬೇಡ ಎಂದಿದ್ದರೆ ವಿಳಾಸಪಟ್ಟಿಯ ಎಡಬದಿಯ ಚಿಹ್ನೆ ಒತ್ತಿ ಸರಿಪಡಿಸಬಹುದು. ಇನ್ನೊಂದು ಮಾತು: ಎಚ್ಚರಿಕೆ ಮೀರಿ ಮುಂದುವರಿಯುವುದು ನಿಮ್ಮದೇ ಯಂತ್ರದ 127.0.0.1 ವಿಳಾಸಕ್ಕೆ ಮಾತ್ರ ಸರಿ, ಬೇರೆ ತಾಣಗಳಿಗೆ ಈ ಅಭ್ಯಾಸ ಬೇಡ.

ಹಾಗೆಂದು ಜಾವಾ ಎಂದೂ ತಪ್ಪಿತಸ್ಥನಲ್ಲ ಎನ್ನುತ್ತಿಲ್ಲ. ಜಾವಾದಲ್ಲಿ ಬರೆದ ಕೆಲವು ಸಹಿ ತಂತ್ರಾಂಶಗಳು ಮಿಡಲ್‌ವೇರ್‌ನ ಡಿಎಲ್‌ಎಲ್ ಕಡತವನ್ನು ನೇರವಾಗಿ ತೆರೆಯುತ್ತವೆ. ಅಲ್ಲಿ 64 ಬಿಟ್ ಜಾವಾ 32 ಬಿಟ್ ಡಿಎಲ್‌ಎಲ್ ತೆರೆಯಲಾರದು, 32 ಬಿಟ್ ಜಾವಾ 64 ಬಿಟ್‌ನದನ್ನು ತೆರೆಯಲಾರದು. java -version ಎಂದು ಹಾಕಿ ನೋಡಿ. 64-Bit ಎಂದು ಬಂದರೆ ಕಡತ System32 ಒಳಗಿನದಾಗಿರಬೇಕು, ಇಲ್ಲದಿದ್ದರೆ SysWOW64 ಒಳಗಿನದು. ಹೌದು, 32 ಎಂದು ಹೆಸರಿರುವ ಕಡೆ 64 ಬಿಟ್ ಕಡತಗಳಿರುತ್ತವೆ. ಈ ತಮಾಷೆ ಮೈಕ್ರೋಸಾಫ್ಟ್‌ನದು, ನನ್ನದಲ್ಲ.

ಮನೆಯಿಂದ ಕೆಲಸ ಮಾಡುವವರಿಗೆ ಇನ್ನೊಂದು ಸಂಗತಿ. ಕಚೇರಿಯ ಕಂಪ್ಯೂಟರಿನಲ್ಲಿ ಟೋಕನ್ ಚುಚ್ಚಿಟ್ಟು ಮನೆಯಿಂದ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋದರೆ ಆ ಟೋಕನ್ ನಿಮಗೆ ಕಾಣುವುದಿಲ್ಲ. ಆ ಅಧಿವೇಶನದಲ್ಲಿ ವಿಂಡೋಸ್ ಸ್ಮಾರ್ಟ್‌ಕಾರ್ಡ್‌ಗಾಗಿ ನೀವು ಕುಳಿತಿರುವ ಕಡೆಯ ಯಂತ್ರವನ್ನೇ ನೋಡುತ್ತದೆ. ಟೋಕನ್ನನ್ನು ಮನೆಯ ಕಂಪ್ಯೂಟರಿಗೆ ಚುಚ್ಚಿ, ಸಂಪರ್ಕಿಸುವ ಮೊದಲು Local Resources ಅಡಿಯಲ್ಲಿ Smart cards ಆರಿಸಿಕೊಳ್ಳಿ. ಅದು ಆಗದಿದ್ದರೆ ಕಚೇರಿಯ ಪರದೆಯನ್ನೇ ಇದ್ದಂತೆ ತೋರಿಸುವ ತಂತ್ರಾಂಶ ಬಳಸಿ.