ಭಾವನ ಹತ್ತಿಯ ಕಾಲುಚೀಲ

ಮೊನ್ನೆ ಅಕ್ಕನ ಮನೆಗೆ ಹೋದಾಗ ಭಾವ ನನ್ನ ಕೈಗೊಂದು ಪೊಟ್ಟಣ ಇಟ್ಟರು. ಒಳಗೆ ಕಾಲುಚೀಲಗಳು. "ನೂರಕ್ಕೆ ನೂರು ಹತ್ತಿ. ನಿನ್ನ ಕಾಲು ವಿಪರೀತ ಬೆವರುತ್ತದೆ, ಅದಕ್ಕೇ ತಂದೆ" ಎಂದರು. ಹಿಂದಿನ ಸಲ ಬಾಗಿಲ ಬಳಿ ನಾನು ಶೂ ಬಿಚ್ಚಿದಾಗಲೇ ಅವರ ಮೂಗು ಒಂದು ತೀರ್ಮಾನಕ್ಕೆ ಬಂದಿರಬೇಕು. ಪೊಟ್ಟಣ ತಿರುಗಿಸಿ ನೋಡಿದೆ. ಮುಂದೆ ದಪ್ಪಕ್ಷರದಲ್ಲಿ ಹತ್ತಿ, ಹಿಂದೆ ಇರುವೆಯಂಥ ಅಕ್ಷರದಲ್ಲಿ ಹತ್ತಿ 78, ಪಾಲಿಅಮೈಡ್ 20, ಎಲಾಸ್ಟೇನ್ 2. ಪಾಲಿಅಮೈಡ್ ಎಂದರೆ ನೈಲಾನೇ. ಅದಿಲ್ಲದಿದ್ದರೆ ಹಿಮ್ಮಡಿ ಬೇಗ ತೂತು ಬೀಳುತ್ತದೆ, ಎಲಾಸ್ಟೇನ್ ಇಲ್ಲದಿದ್ದರೆ ಚೀಲ ಮಧ್ಯಾಹ್ನದೊಳಗೆ ಕಣಕಾಲಿನಿಂದ ಜಾರುತ್ತದೆ. ಅವು ಇದ್ದದ್ದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ 78ರ ಮೇಲೆ.

ಹತ್ತಿಯ ವಿಷಯದಲ್ಲಿ ಭಾವನ ಜೊತೆ ವಾದ ಹೂಡುವುದು ಅಪಾಯದ ಕೆಲಸ. ಬನಿಯನ್ ಹತ್ತಿಯದು, ಪಂಚೆ ಹತ್ತಿಯದು, ಕರವಸ್ತ್ರವಂತೂ ಹತ್ತಿಯದೇ. ಇದೇ ಶ್ರದ್ಧೆಯನ್ನು ಅವರು ಕುಮಾರ ಪರ್ವತದ ಮೇಲಕ್ಕೂ ಹೊತ್ತುಕೊಂಡು ಹೋಗಿದ್ದರು. ಆ ಕಥೆಯನ್ನು ಹೇಳದೆ ನನಗೆ ಮುಂದೆ ಹೋಗಲಾಗದು.

ಕುಕ್ಕೆಯಿಂದ ನಸುಕಿನಲ್ಲೇ ಹೊರಟಿದ್ದೆವು. ಮೊದಲಿಗೆ ದಟ್ಟ ಕಾಡು, ಕಡಿದಾದ ಏರು, ಗಾಳಿಯಾಡದ ಸೆಕೆ. ಭಾವ ಹೊಸ ಹತ್ತಿ ಕಾಲುಚೀಲದ ಮೇಲೆ ರೆಕ್ಸಿನ್ ಹೊದಿಕೆಯ ಗಟ್ಟಿ ಶೂ ಹಾಕಿದ್ದರು. ಕಾಡು ಮುಗಿದು ಹುಲ್ಲುಗಾವಲಿನ ಬಿಸಿಲಿಗೆ ಬರುವಷ್ಟರಲ್ಲಿ ಎಡ ಹಿಮ್ಮಡಿಯ ಮೇಲ್ಭಾಗ ಬೆಚ್ಚಗಾಗುತ್ತಿದೆ ಎಂದರು. ಬೊಕ್ಕೆ ಬರುವ ಮುನ್ನ ಕಾಲು ಕೊಡುವ ಮುನ್ಸೂಚನೆ ಅದೊಂದೇ. ಅಲ್ಲೇ ಕೂತು ಶೂ ಬಿಚ್ಚಿ, ಕಾಲೊರೆಸಿ, ಆ ಜಾಗಕ್ಕೆ ಟೇಪು ಅಂಟಿಸಿ ಒಣ ಚೀಲ ಹಾಕಿಕೊಂಡರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಭಾವ ಕೂರಲಿಲ್ಲ. "ಹತ್ತಿ ಬೆವರನ್ನು ಹೀರಿಕೊಳ್ಳುತ್ತದೆ, ನೀನು ನಡೆ" ಎಂದರು.

ಹೀರಿಕೊಂಡದ್ದು ನಿಜವೇ. ಕಲ್ಲುಮಂಟಪದಲ್ಲಿ ಅಂತೂ ಶೂ ಬಿಚ್ಚಿದಾಗ ಆ ಚೀಲ ನೆಲ ಒರೆಸಿದ ಬಟ್ಟೆಯಂತೆ ಜೋತುಬಿದ್ದಿತ್ತು. ಹಿಂಡಿದರೆ ತೊಟ್ಟಿಕ್ಕಿತು. ಒದ್ದೆಯಾದ ಹೆಣಿಗೆ ಸಡಿಲಗೊಂಡು, ಹಿಮ್ಮಡಿಯ ಹಿಂದೆ ಮಡಿಕೆ ಬಿದ್ದು, ಆ ಮಡಿಕೆಯ ಕೆಳಗೇ ಎಂಟಾಣೆ ನಾಣ್ಯದಷ್ಟು ಅಗಲದ ಬೊಕ್ಕೆ ಎದ್ದಿತ್ತು. ಭಾವ ಅದನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಶೂ ಸರಿಯಿಲ್ಲ" ಎಂದು ತೀರ್ಪು ಕೊಟ್ಟರು. ಕುಮಾರ ಪರ್ವತದ ದಾರಿಯಲ್ಲಿ ಮೊದಲು ಸಿಗುವ ಶೇಷ ಪರ್ವತದ ಆಸೆಯನ್ನೂ ಅಲ್ಲೇ ಕೈಬಿಟ್ಟು ಇಳಿದೆವು. ಇಳಿಯುವಾಗ ಪಾದ ಮುಂದಕ್ಕೆ ನುಗ್ಗುತ್ತದಾದ್ದರಿಂದ ಬೆರಳ ತುದಿಗಳೂ ಸರದಿಯಲ್ಲಿ ನಿಂತವು. ದಾರಿಯುದ್ದಕ್ಕೂ ಅವರು ಶೂ ತಯಾರಕರನ್ನು ಬೈದರು, ಸರ್ಕಾರವನ್ನು ಬೈದರು, ಹೊರಡುವಾಗ ಎರಡು ಇಡ್ಲಿ ಕಡಿಮೆ ಬಡಿಸಿದ ಹೋಟೆಲಿನವನನ್ನೂ ಬೈದರು. ಹತ್ತಿಯ ಬಗ್ಗೆ ಮಾತ್ರ ಒಂದು ಸೊಲ್ಲೆತ್ತಲಿಲ್ಲ.

ಶೂ ಹೊರಗಿನಿಂದ ಉಜ್ಜಿ ಉಜ್ಜಿ ಚರ್ಮ ಸವೆಸಿದ್ದರಿಂದ ಬೊಕ್ಕೆ ಬಂತೆಂದು ಭಾವನೂ ನಂಬಿದ್ದರು, ಎಲ್ಲರೂ ನಂಬುತ್ತಾರೆ. ನಡೆಯುವುದು ಹಾಗಲ್ಲ. ಪ್ರತಿ ಹೆಜ್ಜೆಗೂ ಒಳಗಿನ ಮೂಳೆ ಹಿಂದೆ ಮುಂದೆ ಸರಿಯುತ್ತದೆ. ತೇವಗೊಂಡ ಚರ್ಮ ಚೀಲಕ್ಕೆ ಕಚ್ಚಿಕೊಂಡು ಅಲ್ಲಾಡುವುದೇ ಇಲ್ಲ. ಈ ಎಳೆದಾಟದ ನಡುವೆ ಚರ್ಮದ ಒಳಪದರ ಹರಿಯುತ್ತದೆ, ಹರಿದ ಜಾಗದಲ್ಲಿ ನೀರು ತುಂಬುತ್ತದೆ. ಆದ್ದರಿಂದ ಜಾರಬೇಕಾದದ್ದನ್ನು ಬೇರೆಡೆ ಜಾರಿಸಿದರೆ ಕಾಲು ಬದುಕುತ್ತದೆ. ಒಳಗೆ ತೆಳುವಾದ ಪಾಲಿಯೆಸ್ಟರ್ ಚೀಲ, ಅದರ ಮೇಲೆ ದಪ್ಪ ಚೀಲ ಹಾಕಿದರೆ ಎರಡೂ ಒಂದರ ಮೇಲೊಂದು ಜಾರುತ್ತವೆ, ಚರ್ಮ ಸುಮ್ಮನಿರುತ್ತದೆ. ಅಮೆರಿಕದ ಮರೀನ್ ದಳಕ್ಕೆ ಹೊಸದಾಗಿ ಸೇರಿದವರ ಮೇಲೆ ಇದನ್ನು ಪರೀಕ್ಷಿಸಿದಾಗ ಬೊಕ್ಕೆಗಳು ಕಡಿಮೆಯಾದವು.

ಹಾಗಾದರೆ ಯಾವ ನೂಲು ಒಳ್ಳೆಯದು? ಹತ್ತಿ ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ತಾಗುವ ಬನಿಯನ್‌ನಲ್ಲಿ ಅದು ಗುಣ, ಮುಚ್ಚಿದ ಶೂನಲ್ಲಿ ಅದೇ ದೋಷ. ಪಾಲಿಯೆಸ್ಟರ್ ತಾನು ನೀರು ಕುಡಿಯುವುದಿಲ್ಲ. ಎಳೆಗಳ ಸಂದಿಯಲ್ಲಿ ಅದನ್ನು ಹೊರಮೈಗೆ ಸಾಗಿಸುತ್ತದೆ, ಬೇಗ ಒಣಗುತ್ತದೆ. ಆದರೆ ಬೆವರಿನ ಜಿಡ್ಡನ್ನು ಬಿಡದೆ ಹಿಡಿದುಕೊಳ್ಳುವುದರಿಂದ ಒಗೆದ ಮೇಲೂ ವಾಸನೆಯ ನೆನಪು ಉಳಿಯುತ್ತದೆ. ಮೆರಿನೊ ಕುರಿಯ ಉಣ್ಣೆಯದು ವಿಚಿತ್ರ. ಬೆವರು ಆವಿಯಾಗಿರುವಾಗಲೇ ಎಳೆಯ ಒಳಕ್ಕೆ ಎಳೆದುಕೊಂಡು ಮೇಲ್ಮೈಯನ್ನು ಹೆಚ್ಚು ಒದ್ದೆಯಾಗಲು ಬಿಡುವುದಿಲ್ಲ, ವಾಸನೆಯೂ ಕಡಿಮೆ. ಬೆಂಗಳೂರಿನ ಸೆಕೆಯಲ್ಲಿ ಉಣ್ಣೆಯೇ ಎಂದು ಅಕ್ಕ ಹುಬ್ಬೇರಿಸಿದಳು. ಕಂಬಳಿಯ ಉಣ್ಣೆ ಬೇರೆ, ಇದು ಬೇರೆ. ನಯವಾದ ಈ ಎಳೆ ಚುಚ್ಚುವುದಿಲ್ಲ. ಬೆಲೆ ಮಾತ್ರ ಚುಚ್ಚುತ್ತದೆ. ಬಿದಿರಿನ ಚೀಲವೆಂದು ಮಾರುವುದು ಬಹುಪಾಲು ವಿಸ್ಕೋಸ್, ಅಂದರೆ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು, ಹತ್ತಿಗಿಂತಲೂ ಹೆಚ್ಚು ನೀರು ಕುಡಿಯುವ ವಸ್ತು. ಚಿತ್ರದಲ್ಲಿ ಹಸಿರು ಬೊಂಬು ಇದ್ದಮಾತ್ರಕ್ಕೆ ಪಾದ ಒಣಗುವುದಿಲ್ಲ.

ನನ್ನ ಪಕ್ಷಕ್ಕೂ ಒಂದು ಮಿತಿ ಇದೆ. 1990ರಲ್ಲಿ ಹೆರಿಂಗ್ ಮತ್ತು ರಿಚಿ ಎಂಬ ಅಮೆರಿಕದ ಪಾದವೈದ್ಯರು ಓಟಗಾರರಿಗೆ ಅಕ್ರಿಲಿಕ್ ಎಂಬ ಕೃತಕ ನೂಲಿನ ಚೀಲಗಳನ್ನೂ ಹತ್ತಿ ಚೀಲಗಳನ್ನೂ ಕೊಟ್ಟು ನೋಡಿದಾಗ ಅಕ್ರಿಲಿಕ್‌ನವರಿಗೆ ಬೊಕ್ಕೆ ಕಡಿಮೆ ಬಂತು, ಬಂದವೂ ಚಿಕ್ಕವು. ಆದರೆ ಆ ಚೀಲಗಳ ಹೆಣಿಗೆ ದಟ್ಟವಾಗಿತ್ತು. 1993ರಲ್ಲಿ ಅವರೇ ಸಾಮಾನ್ಯ ಹೆಣಿಗೆಯ ಚೀಲಗಳಲ್ಲಿ ಪರೀಕ್ಷಿಸಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ನೂಲಿನಷ್ಟೇ ಹೆಣಿಗೆಯೂ ಮುಖ್ಯ. ಮೇಲಾಗಿ ಶೂ ರೆಕ್ಸಿನ್‌ನದಾದರೆ ಯಾವ ಚೀಲ ಸಾಗಿಸಿದ ಬೆವರಿಗೂ ಹೊರಹೋಗಲು ದಾರಿಯಿಲ್ಲ. ಮೇಲ್ಭಾಗ ಜಾಲರಿಯದ್ದಿದ್ದರೆ ಮಾತ್ರ ಪಾಲಿಯೆಸ್ಟರ್‌ನ ಶ್ರಮ ಸಾರ್ಥಕ. ಈ ಮಾತು ಭಾವನ ಕಿವಿಗೆ ಬೀಳಬಾರದು. "ಶೂ ಸರಿಯಿಲ್ಲ ಎಂದು ನಾನು ಅಂದೇ ಹೇಳಿರಲಿಲ್ಲವೇ" ಎಂದುಬಿಡುತ್ತಾರೆ.

ಕೊಳ್ಳುವಾಗ ನಾನು ಮೊದಲು ಚೀಲವನ್ನು ಒಳಮಗುಚಿ ಬೆರಳ ತುದಿಯ ಹೊಲಿಗೆಯನ್ನು ಸವರಿ ನೋಡುತ್ತೇನೆ. ಉಬ್ಬಿದ ಗಂಟು ಕೈಗೆ ತಾಗಿದರೆ ಕಿರುಬೆರಳಿಗೂ ತಾಗುತ್ತದೆ, ಅಂಥದ್ದು ಬೇಡ. ಕಾಲಿಗಿಂತ ದೊಡ್ಡ ಅಳತೆಯದೂ ಬೇಡ, ಮಡಿಕೆ ಬೀಳುತ್ತದೆ. ಮನೆಗೆ ತಂದ ಮೇಲೆ, ಒಗೆದ ಬಟ್ಟೆಗೆ ಕೊನೆಯಲ್ಲಿ ಸುರಿಯುವ ಆ ಪರಿಮಳದ ಮೃದುಕಾರಕದಿಂದ ಅದನ್ನು ದೂರ ಇಡಬೇಕು. ಎಳೆಗಳಿಗೆ ಅದರ ಲೇಪ ಕೂತರೆ ಬೆವರು ಸಾಗುವುದು ಕುಗ್ಗುತ್ತದೆ. ನಮ್ಮ ಮನೆಯಲ್ಲಿ ಈ ನಿಯಮ ಇನ್ನೂ ಜಾರಿಗೆ ಬಂದಿಲ್ಲ.

ದಪ್ಪ ಚೀಲಕ್ಕೆ ಹಳೆಯ ಶೂ ಬಿಗಿಯಾಗುವುದರಿಂದ ಕೊನೆಗೆ ಶೂ ಅಂಗಡಿಗೂ ಹೋಗಲೇಬೇಕಾಗುತ್ತದೆ. ಸಂಜೆ ಹೋಗುವುದು ಒಳ್ಳೆಯದು, ಆಗ ಪಾದ ಸ್ವಲ್ಪ ಊದಿರುತ್ತದೆ. ಚೀಲವನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಇಲ್ಲದಿದ್ದರೆ ಅಂಗಡಿಯ ಹುಡುಗ ಸ್ಟೂಲಿನ ಕೆಳಗಿನಿಂದ ಒಂದು ತೆಳು ನೈಲಾನ್ ಚೀಲ ಎಳೆದು, "ಇದನ್ನು ಹಾಕಿ ನೋಡಿ ಸರ್, ಎಲ್ಲರೂ ಇದರಲ್ಲೇ ನೋಡುತ್ತಾರೆ" ಎನ್ನುತ್ತಾನೆ. ಆ "ಎಲ್ಲರೂ" ಯಾರು ಯಾರು ಎಂದು ನಾನೊಮ್ಮೆ ಕೇಳಿದೆ. ಹುಡುಗ ನಕ್ಕು ಇನ್ನೊಂದು ಜೊತೆ ತರಲು ಒಳಗೆ ಹೋದ.