ಗಂಟಲು ಮರಗಟ್ಟಿರುವಾಗ ಊಟ ಬೇಡ

"ಬ್ರಾಂಕೋಸ್ಕೋಪಿ ಮುಗಿದ ಕೂಡಲೇ ಮಾಮೂಲಿನಂತೆ ಊಟ ಮಾಡಬಹುದು."

ಶ್ವಾಸನಾಳದೊಳಗೆ ನಳಿಗೆ ಇಳಿಸಿ ನೋಡುವ ಈ ಪರೀಕ್ಷೆಯ ಬಗ್ಗೆ ನಿಮ್ಮ ಬರಹದಲ್ಲಿರುವ ಈ ಮಾತನ್ನು ದಯವಿಟ್ಟು ತಿದ್ದಿ. ನಳಿಗೆ ಹಾಕುವ ಮೊದಲು ಗಂಟಲು ಮರಗಟ್ಟಿಸಲು ಲಿಗ್ನೋಕೇನ್ ಸ್ಪ್ರೇ ಹೊಡೆಯುತ್ತಾರೆ. ಆ ಮರಗಟ್ಟುವಿಕೆ ಇಳಿಯಲು ಒಂದೆರಡು ಗಂಟೆ ಬೇಕು. ಅಷ್ಟರೊಳಗೆ ನುಂಗಿದ್ದು ಶ್ವಾಸನಾಳಕ್ಕೆ ಇಳಿದರೂ ಗೊತ್ತಾಗುವುದಿಲ್ಲ, ಕೆಮ್ಮೂ ಸರಿಯಾಗಿ ಬರುವುದಿಲ್ಲ.

ನಮ್ಮ ಬದಿಯಡ್ಕದ ಮಾವನಿಗೆ ಎಕ್ಸ್‌ರೇಯಲ್ಲಿ ಕಲೆ ಇತ್ತು, ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ. ಹಾಗಾಗಿ ಮಂಗಳೂರಿನಲ್ಲಿ ಈ ಪರೀಕ್ಷೆ ಮಾಡಿಸಿದೆವು. ರಾತ್ರಿಯಿಂದ ಉಪವಾಸ ಇದ್ದವರು ಹೊರಬಂದ ತಕ್ಷಣ ಚಾ ಕೇಳಿದರು. ನರ್ಸ್ ಬಿಡಲಿಲ್ಲ. ಆಮೇಲೆ ಕೂರಿಸಿ ಒಂದು ಗುಟುಕು ನೀರು ಕೊಟ್ಟು, ಕೆಮ್ಮು ಬರದೆ ಇಳಿದ ಮೇಲೆಯೇ ಗಂಜಿ ಕೊಟ್ಟರು.

ಸಂಜೆ ಚಳಿ ಬಂದು ಜ್ವರ ಏರಿತು. ಪರೀಕ್ಷೆಗೆಂದು ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು ತೊಳೆದು ತೆಗೆದರೆ ಹೀಗಾಗುವುದುಂಟು, ಸಾಮಾನ್ಯವಾಗಿ ಮರುದಿನಕ್ಕೆ ಇಳಿಯುತ್ತದೆ. ಚೂರು ಮಾಂಸ ತೆಗೆದಿದ್ದರೆ ಕಫದಲ್ಲಿ ರಕ್ತದ ಗೆರೆಯೂ ಕಾಣಬಹುದು. ಆದರೆ ರಕ್ತ ಜಾಸ್ತಿಯಾಗುತ್ತಾ ಹೋದರೆ, ಅಥವಾ ಎದೆನೋವಿನ ಜೊತೆ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಶ್ವಾಸಕೋಶದ ಹೊರಗೆ ಗಾಳಿ ಸೋರಿರಬಹುದು. ರಾತ್ರಿಯೇ ಆಸ್ಪತ್ರೆಗೆ ಹೋಗಿ.

ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ 24 ಗಂಟೆ ಗಾಡಿ ಓಡಿಸಬಾರದು ಎಂಬುದನ್ನೂ ಸೇರಿಸಿ. ನಮ್ಮ ಕಡೆಯಿಂದ ಎಷ್ಟೋ ಜನ ಬೈಕಿನಲ್ಲೇ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಿಬರುತ್ತಾರೆ, ಅಲ್ವಾ?